ನಾಲ್ಕು ಗೇಟಿನ ಸರ್ಕ್ಯೂಟನ್ನು ಓದುವ ಬಗೆ

ಲಾಜಿಕ್ ಗೇಟುಗಳ ಸರ್ಕ್ಯೂಟ್ ಚಿತ್ರದಲ್ಲಿ ಗೆರೆಗಳೆಲ್ಲ ತಂತಿಗಳು. ಗೆರೆಗಳ ನಡುವೆ ಕೂತಿರುವ ಆಕಾರಗಳು ಗೇಟುಗಳು. ಒಂದೊಂದು ತಂತಿಯಲ್ಲೂ ಇರುವುದು 0 ಇಲ್ಲವೇ 1. ಇದು ಬರೀ ಕಾಗದದ ಮಾತಲ್ಲ. 5 ವೋಲ್ಟಿನಲ್ಲಿ ಕೆಲಸ ಮಾಡುವ, ಕಾಲೇಜು ಪ್ರಯೋಗಾಲಯಗಳಲ್ಲಿ ಇಂದಿಗೂ ಕಾಣಸಿಗುವ 7400 ಚಿಪ್ಪಿನಲ್ಲಿ ಇನ್‌ಪುಟ್ ವೋಲ್ಟೇಜ್ 0.8ಕ್ಕಿಂತ ಕೆಳಗಿದ್ದರೆ ಅದು 0, 2ಕ್ಕಿಂತ ಮೇಲಿದ್ದರೆ 1. ಸರ್ಕ್ಯೂಟಿಗೆ ಯಾವ ಯಾವ ಇನ್‌ಪುಟ್ ಕೊಟ್ಟರೆ ಏನೇನು ಔಟ್‌ಪುಟ್ ಬರುತ್ತದೆ ಎಂದು ಒಂದನ್ನೂ ಬಿಡದೆ ಬರೆದಿಟ್ಟ ಪಟ್ಟಿಯೇ ಟ್ರೂತ್ ಟೇಬಲ್. ಕನ್ನಡದಲ್ಲಿ ಅದನ್ನು ಸತ್ಯ ಕೋಷ್ಟಕ ಎನ್ನುವುದುಂಟು.

ಗೇಟುಗಳನ್ನು ಗುರುತಿಸುವುದು ಆಕಾರದಿಂದ. ಬೆನ್ನು ನೇರವಾಗಿ, ಮುಂಭಾಗ ದುಂಡಗೆ ಇದ್ದರೆ ಆ್ಯಂಡ್ ಗೇಟ್. ಎಲ್ಲ ಇನ್‌ಪುಟ್‌ಗಳೂ 1 ಆದಾಗ ಮಾತ್ರ ಅದು 1 ಕೊಡುತ್ತದೆ. ಬೆನ್ನು ಒಳಕ್ಕೆ ಬಾಗಿ, ಮೂತಿ ಚೂಪಾಗಿದ್ದರೆ ಆರ್ ಗೇಟ್. ಅದಕ್ಕೆ ಯಾವುದಾದರೂ ಒಂದು 1 ಇದ್ದರೆ ಸಾಕು. ಇವುಗಳ ಮೂತಿಗೆ ಅಂಟಿಕೊಂಡಂತೆ ಒಂದು ಪುಟ್ಟ ಸೊನ್ನೆ ಕಂಡರೆ ಉತ್ತರ ತಿರುವುಮುರುವು: 1 ಇದ್ದದ್ದು 0, 0 ಇದ್ದದ್ದು 1. ಆ್ಯಂಡ್ ಗೇಟಿಗೆ ಈ ಸೊನ್ನೆ ಸೇರಿದರೆ ಅದು ನ್ಯಾಂಡ್. ಎರಡೂ ಇನ್‌ಪುಟ್ 1 ಆದಾಗ ಮಾತ್ರ ನ್ಯಾಂಡ್ ಗೇಟು 0 ಕೊಡುತ್ತದೆ, ಉಳಿದ ಯಾವಾಗಲೂ 1. ಮುಂದಿನ ಕೆಲಸಕ್ಕೆಲ್ಲ ಈ ಒಂದು ವಾಕ್ಯ ನೆನಪಿದ್ದರೆ ಸಾಕು.

7400 ಚಿಪ್ಪಿನ ಹದಿನಾಲ್ಕು ಕಾಲುಗಳ ಹಿಂದೆ ಅಡಗಿರುವುದು ಇಂಥ ನಾಲ್ಕು ನ್ಯಾಂಡ್ ಗೇಟುಗಳು. ಆ ನಾಲ್ಕನ್ನೂ ಬಳಸಿಕೊಳ್ಳುವ ಒಂದು ಹೆಸರಾಂತ ಸರ್ಕ್ಯೂಟ್ ಇದೆ. A, B ಎಂಬ ಎರಡು ಇನ್‌ಪುಟ್‌ಗಳು ಮೊದಲ ಗೇಟಿಗೆ ಹೋಗುತ್ತವೆ. ಅದರ ಔಟ್‌ಪುಟ್ ಕವಲೊಡೆದು ಎರಡನೆಯ ಮತ್ತು ಮೂರನೆಯ ಗೇಟುಗಳಿಗೆ ಹೋಗುತ್ತದೆ. ಎರಡನೆಯ ಗೇಟಿನ ಇನ್ನೊಂದು ಇನ್‌ಪುಟ್ A, ಮೂರನೆಯದರ ಇನ್ನೊಂದು ಇನ್‌ಪುಟ್ B. ಈ ಎರಡರ ಔಟ್‌ಪುಟ್‌ಗಳು ನಾಲ್ಕನೆಯ ಗೇಟಿನಲ್ಲಿ ಕೂಡುತ್ತವೆ. ಚಿತ್ರದಲ್ಲಿ ತಂತಿಗಳು ಒಂದನ್ನೊಂದು ದಾಟುವ ಕಡೆ ಕಪ್ಪು ಚುಕ್ಕೆ ಇದ್ದರೆ ಅವು ಜೋಡಣೆಯಾಗಿವೆ. ಚುಕ್ಕೆ ಇಲ್ಲದಿದ್ದರೆ ಒಂದರ ಮೇಲೊಂದು ಹಾಯ್ದು ಹೋಗಿವೆ, ಅಷ್ಟೆ.

ಇಂಥ ಚಿತ್ರ ಕಂಡೊಡನೆ ಕೊನೆಯ ಔಟ್‌ಪುಟ್ ಎಷ್ಟೆಂದು ಮನಸ್ಸಿನಲ್ಲೇ ಲೆಕ್ಕ ಹಾಕಲು ಹೊರಡುವವರು ಸಾಮಾನ್ಯವಾಗಿ ಮೂರನೆಯ ಗೇಟಿನ ಹೊತ್ತಿಗೆ ದಾರಿ ತಪ್ಪುತ್ತಾರೆ. ಮೊದಲು ಮಾಡಬೇಕಾದದ್ದು ನಾಮಕರಣ. ಪ್ರತಿ ಗೇಟಿನ ಔಟ್‌ಪುಟ್ ತಂತಿಗೂ ಒಂದೊಂದು ಹೆಸರಿಟ್ಟು, ಅದು ಯಾವುದರಿಂದ ಹುಟ್ಟಿತೆಂದು ಪಕ್ಕದಲ್ಲೇ ಬರೆದುಕೊಳ್ಳಬೇಕು:

```
P = A NAND B
Q = A NAND P
R = B NAND P
Y = Q NAND R
```

ಈಗ ಚಿತ್ರವನ್ನು ಮಡಿಸಿಟ್ಟರೂ ನಡೆಯುತ್ತದೆ. ಯಾವುದನ್ನು ಮೊದಲು ಲೆಕ್ಕ ಹಾಕಬೇಕೆಂಬುದೂ ಇದರಿಂದಲೇ ತಿಳಿಯುತ್ತದೆ: ಬಲಬದಿಯ ಎರಡೂ ಹೆಸರುಗಳ ಬೆಲೆ ಗೊತ್ತಾಗಿರುವ ಸಾಲು ಮೊದಲು. P ಗೊತ್ತಾಗದೆ Q ಆಗಲಿ R ಆಗಲಿ ಸಿಗದು. ಆ ಎರಡೂ ಸಿಗದೆ Y ಸಿಗದು.

ಮುಂದೆ ಕೋಷ್ಟಕದ ಸಾಲುಗಳು. ಒಂದು ಇನ್‌ಪುಟ್ ಹೆಚ್ಚಿದಂತೆಲ್ಲ ಸಾಲುಗಳು ಇಮ್ಮಡಿಯಾಗುತ್ತವೆ: ಎರಡಕ್ಕೆ 4, ಮೂರಕ್ಕೆ 8, ನಾಲ್ಕಕ್ಕೆ 16. ತೋಚಿದ ಹಾಗೆ ಬರೆದರೆ ಒಂದು ಜೋಡಿ ಬಿಟ್ಟುಹೋಗಿ ಇನ್ನೊಂದು ಎರಡು ಸಲ ಬರುವುದು ಖಂಡಿತ. ಆದ್ದರಿಂದ ಬಲತುದಿಯ ಇನ್‌ಪುಟ್‌ಗೆ 0, 1, 0, 1 ಎಂದು ಒಂದು ಬಿಟ್ಟು ಒಂದು. ಅದರ ಎಡಗಡೆಯದಕ್ಕೆ ಎರಡು ಸೊನ್ನೆ, ಎರಡು ಒಂದು. ಇನ್ನೂ ಎಡಕ್ಕಿದ್ದರೆ ನಾಲ್ಕು ನಾಲ್ಕು. ಹೀಗೆ ಬರೆಯುವುದೆಂದರೆ ಬೈನರಿಯಲ್ಲಿ ಸೊನ್ನೆಯಿಂದ ಎಣಿಸಿದಂತೆಯೇ.

ತುಂಬುವಾಗ ಅಡ್ಡಸಾಲು ಹಿಡಿಯದೆ ಕಂಬಸಾಲು ಹಿಡಿದು ಇಳಿಯುವುದು ಸಲೀಸು. ಒಂದು ಕಂಬಸಾಲಿಗೆ ಒಂದೇ ಗೇಟು, ಒಂದೇ ನಿಯಮ. ಮನಸ್ಸು ಅತ್ತಿತ್ತ ಹೊರಳಬೇಕಾಗಿಲ್ಲ. P ಕಂಬಸಾಲಿನಲ್ಲಿ A, B ಎರಡೂ 1 ಆಗಿರುವ ಕೊನೆಯ ಸಾಲಿಗೆ ಮಾತ್ರ 0, ಉಳಿದ ಮೂರಕ್ಕೆ 1. Q ಬರೆಯುವಾಗ B ಇರುವ ಕಂಬಸಾಲನ್ನು ಬೆರಳಿನಿಂದ ಮುಚ್ಚಿಕೊಂಡು A ಮತ್ತು P ಮಾತ್ರ ನೋಡಬೇಕು. ಎರಡೂ 1 ಆಗಿರುವುದು ಮೂರನೆಯ ಸಾಲಿನಲ್ಲಿ, ಅಲ್ಲಿ 0. R ಬರೆಯುವಾಗ B ಮತ್ತು P. ಅವೆರಡೂ 1 ಆಗಿರುವುದು ಎರಡನೆಯ ಸಾಲಿನಲ್ಲಿ. ಕೊನೆಗೆ Q, R ನೋಡಿಕೊಂಡು Y.

```
A B | P Q R | Y
0 0 | 1 1 1 | 0
0 1 | 1 1 0 | 1
1 0 | 1 0 1 | 1
1 1 | 0 1 1 | 0
```

ನಡುವಿನ ಮೂರನ್ನು ಮರೆತು A, B, Y ಮಾತ್ರ ಓದಿದರೆ ಸರ್ಕ್ಯೂಟಿನ ಗುಣ ಹೊರಬೀಳುತ್ತದೆ. ಎರಡೂ ಇನ್‌ಪುಟ್ ಒಂದೇ ಆಗಿದ್ದರೆ 0, ಬೇರೆ ಬೇರೆಯಾಗಿದ್ದರೆ 1. ಇದು ಎಕ್ಸ್‌ಆರ್ ಗೇಟಿನ ಗುಣ. ಮಹಡಿ ಮೆಟ್ಟಿಲಿನ ದೀಪಕ್ಕೆ ಕೆಳಗೊಂದು, ಮೇಲೊಂದು ಸ್ವಿಚ್ ಹಾಕಿ, ಯಾವುದನ್ನು ಒತ್ತಿದರೂ ದೀಪದ ಸ್ಥಿತಿ ಬದಲಾಗುವಂತೆ ಮಾಡಿರುತ್ತಾರಲ್ಲ, ಅದೂ ಇದೇ ಲೆಕ್ಕ.

ಈ ಕೆಲಸದಲ್ಲಿ ಅತಿ ಹೆಚ್ಚು ಕಾಡುವುದು ಕಣ್ತಪ್ಪಿಹೋಗುವ ಆ ಪುಟ್ಟ ಸೊನ್ನೆ. ಮೊದಲ ಗೇಟಿನ ಸೊನ್ನೆಯನ್ನು ಗಮನಿಸದೆ ಅದನ್ನು ಆ್ಯಂಡ್ ಎಂದು ಓದಿದರೆ P ಕಂಬಸಾಲು 0, 0, 0, 1 ಆಗುತ್ತದೆ. ಮುಂದಿನದನ್ನೆಲ್ಲ ಸರಿಯಾಗಿಯೇ ಮಾಡಿದರೂ Y ಕೊನೆಗೆ 0, 0, 0, 1 ಎಂದು ಬಂದು ನಿಲ್ಲುತ್ತದೆ. ಇದು ಅಚ್ಚುಕಟ್ಟಾದ ಆ್ಯಂಡ್ ಗೇಟಿನ ಕೋಷ್ಟಕ. ನೋಡಿದವರಿಗೆ ತಪ್ಪೆಂಬ ಅನುಮಾನವೇ ಬರುವುದಿಲ್ಲ. ಉತ್ತರ ಚೆಂದವಾಗಿ ಬಂತೆಂದ ಮಾತ್ರಕ್ಕೆ ಅದು ಸರಿಯಲ್ಲ.

ನಡುವಿನ ಕಂಬಸಾಲುಗಳು ನಿಜವಾಗಿ ಉಪಯೋಗಕ್ಕೆ ಬರುವುದು ಸರ್ಕ್ಯೂಟನ್ನು ಬ್ರೆಡ್‌ಬೋರ್ಡ್ ಮೇಲೆ ಕಟ್ಟಿದಾಗ. ಮೊದಲ ಗೇಟಿನಿಂದ ಎರಡನೆಯದಕ್ಕೆ ಹೋಗುವ ತಂತಿ ಸಡಿಲವಾಗಿದೆ ಎಂದುಕೊಳ್ಳೋಣ. ಹಳೆಯ 7400 ಚಿಪ್ಪಿನಲ್ಲಿ ಏನೂ ಜೋಡಿಸದೆ ಬಿಟ್ಟ ಇನ್‌ಪುಟ್ ಸಾಮಾನ್ಯವಾಗಿ 1 ಇದ್ದಂತೆ ವರ್ತಿಸುತ್ತದೆ. ಹಾಗಾಗಿ ಮೊದಲ ಮೂರು ಸಾಲುಗಳಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಕೊನೆಯ ಸಾಲಿನಲ್ಲಿ ಮಾತ್ರ, ಎರಡೂ ಇನ್‌ಪುಟ್ 1 ಕೊಟ್ಟಾಗ, ಆರಬೇಕಾದ ಎಲ್‌ಇಡಿ ಉರಿಯುತ್ತಲೇ ಇರುತ್ತದೆ. ಮೂರನೆಯ ಗೇಟಿಗೆ ಹೋಗುವ ತಂತಿ ಸಡಿಲವಾದರೂ ಲಕ್ಷಣ ಅದೇ. Y ಒಂದನ್ನೇ ನೋಡಿದರೆ ಎರಡನ್ನೂ ಬೇರ್ಪಡಿಸಲಾಗದು. ಆದರೆ ಕೋಷ್ಟಕದ ಪ್ರಕಾರ ಆ ಸಾಲಿನಲ್ಲಿ Q, R ಎರಡೂ 1 ಇರಬೇಕು. ಮಲ್ಟಿಮೀಟರ್ ಇಟ್ಟು ನೋಡಿದಾಗ ಯಾವುದು 0 ತೋರಿಸುತ್ತದೋ ಆ ಗೇಟಿನ ಇನ್‌ಪುಟ್ ತಂತಿಯಲ್ಲೇ ದೋಷ ಹುಡುಕಬೇಕು.

ಹೆಸರಿಟ್ಟು, ಎಡದಿಂದ ಬಲಕ್ಕೆ ಕಂಬಸಾಲು ತುಂಬುವ ಈ ಕ್ರಮ ಎಷ್ಟು ಗೇಟುಗಳಿದ್ದರೂ ನಡೆಯುತ್ತದೆ, ಒಂದು ಷರತ್ತಿನ ಮೇಲೆ: ಯಾವ ಔಟ್‌ಪುಟ್ಟೂ ಸುತ್ತಿ ಬಂದು ತನ್ನ ಹಿಂದಿನ ಗೇಟಿಗೆ ಇನ್‌ಪುಟ್ ಆಗಬಾರದು. ಎರಡು ನ್ಯಾಂಡ್ ಗೇಟುಗಳ ಔಟ್‌ಪುಟ್‌ಗಳನ್ನು ಅದಲುಬದಲಾಗಿ ಒಂದರದನ್ನು ಇನ್ನೊಂದರ ಇನ್‌ಪುಟ್‌ಗೆ ಜೋಡಿಸಿದರೆ, ಯಾವುದರ ಬೆಲೆ ಮೊದಲು ಬರೆಯುವುದೆಂದೇ ತಿಳಿಯುವುದಿಲ್ಲ. ಹೊರಗಿನ ಎರಡೂ ಇನ್‌ಪುಟ್ 1 ಇದ್ದಾಗ ಅದರ ಉತ್ತರ ಹಿಂದಿನ ಕ್ಷಣ ಏನಿತ್ತೋ ಅದೇ. ಆ ಜೋಡಣೆಯ ಹೆಸರು ಲ್ಯಾಚ್, ಒಂದು ಬಿಟ್ಟನ್ನು ನೆನಪಿಟ್ಟುಕೊಳ್ಳುವ ಸರ್ಕ್ಯೂಟ್. ಅದರ ಕೋಷ್ಟಕಕ್ಕೆ ಹಿಂದಿನ ಸ್ಥಿತಿ ಎಂಬ ಇನ್ನೊಂದು ಕಂಬಸಾಲು ಬೇಕಾಗುತ್ತದೆ.