ಎರೆಹೊಲದಲ್ಲಿ ಸಿಕ್ಕ ಸೂರತ್ ರೂಪಾಯಿ

ಈ ಕತೆಯ ಹುಡುಗ ಕಲ್ಪನೆಯವನು. ಅವನ ಮುತ್ಯಾ ಮತ್ತು ಸುರಪುರದ ನಿವೃತ್ತ ಉರ್ದು ಮಾಸ್ತರರು ಕೂಡ ಅಷ್ಟೇ. ಅವನ ಕೈಗೆ ಬರುವಂಥ ನಾಣ್ಯ ಮಾತ್ರ ನಿಜ, ಅಂಥ ನಾಣ್ಯಗಳು ನಡೆದು ಬಂದ ದಾರಿಯೂ ನಿಜ.

ಹುಣಸಗಿಯ ನೆಲದಲ್ಲಿ ಹಳೆಯದು ಸಿಗುವುದು ಹೊಸ ಸುದ್ದಿಯೇನಲ್ಲ. ಇಲ್ಲಿಗೆ ಹತ್ತಿರದ ಇಸಾಂಪುರದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಅವರು ಅಗೆದು ತೆಗೆದ ಕಲ್ಲಿನ ಕೈಗೊಡಲಿಗಳು ಹತ್ತು ಲಕ್ಷ ವರ್ಷಕ್ಕೂ ಹಿಂದಿನವು. ಆದರೆ ಅವನ್ನು ಕಲ್ಲೆಂದು ಬದುವಿಗೆ ಎಸೆದು ಮುಂದೆ ಹೋಗುವವರೇ ಹೆಚ್ಚು. ಹೊಳೆಯುವ ಲೋಹಕ್ಕೆ ಮಾತ್ರ ಎತ್ತು ನಿಲ್ಲಿಸುತ್ತಾರೆ.

ನಮ್ಮ ಹುಡುಗನ ನಾಣ್ಯ ಹೊಳೆಯುತ್ತಲೂ ಇರಲಿಲ್ಲ. ಹಿಂಗಾರಿ ಜೋಳ ತೆಗೆದ ಮೇಲೆ ಹೊಲಕ್ಕೆ ಗಳೆ ಹೊಡೆಯುತ್ತಿದ್ದಾಗ ಹೆಂಟೆಯೊಳಗಿಂದ ಒಂದು ಕರಿಯ ಬಿಲ್ಲೆ ಹೊರಳಿ ಬಿತ್ತು. ಒಂದು ರೂಪಾಯಿಯ ಈಗಿನ ನಾಣ್ಯಕ್ಕಿಂತ ದಪ್ಪ, ಅಂಚು ನುಣುಪಲ್ಲ, ಪೂರ್ತಿ ದುಂಡಗೂ ಇಲ್ಲ.

‘ಮುತ್ಯಾ, ಏನೋ ಸಿಕ್ಕದ ನೋಡು.’

‘ಎತ್ತಿನ ಗೆಜ್ಜಿ ಮುರದು ಬಿದ್ದಿರ್ಬೇಕು. ಸಾಲು ಬಿಡಬ್ಯಾಡ, ಹೊಡಿ.’

ಮೂರು ಶತಮಾನ ಹಿಂದಿನ ವಸ್ತು ಗಳೆಯ ಬಾಯಿಗೆ ಹೇಗೆ ಬಂತು ಎಂಬುದಕ್ಕೆ ಎರೆಭೂಮಿಯ ಗುಣವೇ ಉತ್ತರ. ಬೇಸಿಗೆಯಲ್ಲಿ ಎರೆ ಬಿರಿಯುತ್ತದೆ. ಕೈ ಇಳಿಯುವಷ್ಟು ಅಗಲದ ಬಿರುಕುಗಳಲ್ಲಿ ಮೇಲಿನದು ಕೆಳಗೆ ಬೀಳುತ್ತದೆ. ಮಳೆ ಬಂದಾಗ ಮಣ್ಣು ಉಬ್ಬಿ, ಒತ್ತಿ, ಕೆಳಗಿನದನ್ನು ಮೇಲಕ್ಕೆ ತಳ್ಳುತ್ತದೆ. ವರ್ಷವರ್ಷವೂ ತನ್ನನ್ನೇ ತಾನು ಮಗುಚಿಕೊಳ್ಳುವ ಮಣ್ಣಿದು. ಆದ್ದರಿಂದ ನಾಣ್ಯ ಎಷ್ಟು ಆಳದಲ್ಲಿತ್ತು ಎಂಬುದರಿಂದ ಅದರ ವಯಸ್ಸು ಹೇಳಲಾಗದು. ವಯಸ್ಸನ್ನು ನಾಣ್ಯವೇ ಹೇಳಬೇಕು.

ಮನೆಯಲ್ಲಿ ಅವ್ವ ಹುಣಸೆಹಣ್ಣು, ಬೂದಿ ತಂದಿಟ್ಟಳು. ಅದೃಷ್ಟಕ್ಕೆ ಹುಡುಗ ಅಷ್ಟರಲ್ಲಿ ಅದನ್ನು ಅಂಗಿ ಜೇಬಿಗೆ ಹಾಕಿಕೊಂಡು ಸುರಪುರದ ಬಸ್ಸು ಹತ್ತಿದ್ದ. ಬೆಳ್ಳಿಯ ಮೇಲಿನ ಕಪ್ಪು ಮಣ್ಣಿನ ಗಂಧಕ ತಾಗಿ ಆದದ್ದು, ಅದು ತೆಳುವಾದ ಪದರು. ಬೂದಿಯಿಂದ ತಿಕ್ಕಿದರೆ ಕಪ್ಪಿನ ಜೊತೆಗೆ ಅಕ್ಷರದ ಏಣೂ ಸವೆದುಹೋಗುತ್ತದೆ. ಮಣ್ಣು ಹೋಗುವಷ್ಟು ನೀರಲ್ಲಿ ನೆನೆಸಿ, ಮೆತ್ತನೆ ಬಟ್ಟೆಯಲ್ಲಿ ಒತ್ತಿದರೆ ಸಾಕು.

ಮಾಸ್ತರರು ಮಾಡಿದ್ದೂ ಅಷ್ಟೇ. ಆಮೇಲೆ ಕನ್ನಡಕ ಏರಿಸಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ನೇರ ಬೆಳಕಲ್ಲಿ ಕಾಣದ ಅಕ್ಷರ ಓರೆ ಬೆಳಕಲ್ಲಿ ನೆರಳು ಬಿಟ್ಟು ಎದ್ದು ಕಾಣುತ್ತದೆ.

‘ಫಾರ್ಸಿ ಅದ ಬೇಟಾ. ಆಲಂಗೀರ್ ಬಾದಶಾಹಂದು. ಔರಂಗಜೇಬ ಅಂತಾರಲ್ಲ, ಅವಂದು.’

ಒಂದು ಮುಖದಲ್ಲಿ ಎರಡು ಸಾಲಿನ ಪದ್ಯವಿದೆ. ಬೆಳ್ಳಿಯ ಮೇಲೆ ಬಾದಶಾಹನ ಮುದ್ರೆಯನ್ನು ಹುಣ್ಣಿಮೆ ಚಂದ್ರನಿಗೆ ಹೋಲಿಸಿ ಹೊಗಳುವುದು ಟಂಕಸಾಲೆಯ ಪದ್ಧತಿ. ಅದೇ ಪದ್ಯ ಚಿನ್ನದ ಮೊಹರಿನ ಮೇಲೆ ಬಂದರೆ ಚಂದ್ರನ ಜಾಗದಲ್ಲಿ ಸೂರ್ಯ. ಪದ್ಯದ ಸಂದಿಯಲ್ಲಿ ಹಿಜರಿ ವರ್ಷ 1114. ಇನ್ನೊಂದು ಮುಖದಲ್ಲಿ ಆಳ್ವಿಕೆಯ ವರ್ಷ 46, ಅದರ ಕೆಳಗೆ ಟಂಕಸಾಲೆಯ ಊರು.

‘ಅರ್ಧ ಅಕ್ಷರ ಇಲ್ಲೇ ಇಲ್ರೀ ಸರ್. ಸವದ್ಯಾವೇನು?’

‘ಸವದಿಲ್ಲ. ಬಿದ್ದೇ ಇಲ್ಲ.’

ಈ ಉತ್ತರ ಅರ್ಥವಾಗಬೇಕಾದರೆ ನಾಣ್ಯ ಹೊಡೆಯುವ ಬಗೆ ತಿಳಿಯಬೇಕು. ಅಕ್ಬರನ ಕಾಲದ ‘ಐನ್-ಇ-ಅಕ್ಬರಿ’ ಟಂಕಸಾಲೆಯ ಕೆಲಸಗಾರರನ್ನು ಒಬ್ಬೊಬ್ಬರನ್ನಾಗಿ ಹೆಸರಿಸುತ್ತದೆ. ಬೆಳ್ಳಿಯ ಶುದ್ಧಿ ನೋಡುವ ಸರಾಫ, ಕರಗಿಸುವವ, ಸರಳನ್ನು ದುಂಡು ಬಿಲ್ಲೆಯಾಗಿ ಕತ್ತರಿಸುವ ಜರ್ರಾಬ, ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಹಿಡಿಯುವ ಸಿಕ್ಕಚಿ, ಸುತ್ತಿಗೆ ಬೀಸುವ ಅವನ ಜೊತೆಗಾರ. ತೂಕ ಸರಿಯಿರಬೇಕು, ಶುದ್ಧಿ ಸರಿಯಿರಬೇಕು. ಅಚ್ಚು ನಡುಮಧ್ಯೆ ಬೀಳಬೇಕೆಂಬ ಹಟ ಯಾರಿಗೂ ಇರಲಿಲ್ಲ. ಅಚ್ಚು ಬಿಲ್ಲೆಗಿಂತ ಅಗಲ. ಬಿಲ್ಲೆಯ ಹೊರಗೆ ಉಳಿದ ಅಕ್ಷರ ಗಾಳಿಯಲ್ಲೇ ಉಳಿಯಿತು. ಊರಿನ ಹೆಸರು ಕೆಳಗಿನ ಸಾಲಿನಲ್ಲಿರುವುದರಿಂದ ಎಷ್ಟೋ ರೂಪಾಯಿಗಳಲ್ಲಿ ಮೊದಲು ಕಳೆದುಹೋಗುವುದು ಅದೇ. ಈ ಹುಡುಗನ ನಾಣ್ಯದಲ್ಲಿ ಸೀನ್, ವಾವ್, ರೇ ಇವೆ. ಕೊನೆಯ ತೇ ಅಂಚಿನಲ್ಲಿ ಅರ್ಧ ಕತ್ತರಿಸಿದೆ. ಅಷ್ಟು ಸಾಕು: ಸೂರತ್.

ವರ್ಷದ ಲೆಕ್ಕ ಹುಡುಗನೇ ಮಾಡಿದ. ಹಿಜರಿ ವರ್ಷ ಚಾಂದ್ರಮಾನದ್ದು, ನಮ್ಮ ವರ್ಷಕ್ಕಿಂತ ಹನ್ನೊಂದು ದಿನ ಚಿಕ್ಕದು, ಹಾಗಾಗಿ 622ನ್ನು ನೇರ ಕೂಡಿಸಿದರೆ ತಪ್ಪುತ್ತದೆ. ನೂರಕ್ಕೆ ಮೂರರಂತೆ ಕಳೆಯಬೇಕು. 1114ರಲ್ಲಿ 33 ಹೋದರೆ 1081. ಅದಕ್ಕೆ 622 ಕೂಡಿಸಿದರೆ 1703, ಒಂದು ವರ್ಷ ಹಿಂದುಮುಂದು. ಆಳ್ವಿಕೆಯ ವರ್ಷ ಈ ಸಂಶಯವನ್ನು ತೀರಿಸುತ್ತದೆ. ಔರಂಗಜೇಬನ 46ನೇ ವರ್ಷ ಮುಗಿದದ್ದು 1703ರ ಆರಂಭದಲ್ಲಿ, 1114 ಶುರುವಾದದ್ದು 1702ರ ಮೇ ಕೊನೆಗೆ. ಎರಡೂ ಕೂಡುವುದು ಆ ಏಳೆಂಟು ತಿಂಗಳಲ್ಲಿ ಮಾತ್ರ, ಅಂದರೆ ಹೆಚ್ಚುಕಡಿಮೆ 1702ರಲ್ಲೇ. ಒಂದು ಬಿಲ್ಲೆಯ ಮೇಲೆ ಎರಡು ವರ್ಷ ಬರೆದದ್ದರ ಲಾಭ ಇದು.

ಬರೆದದ್ದು ನಮಗಾಗಿ ಅಲ್ಲ, ಸರಾಫರಿಗಾಗಿ. ಹೊಸ ವರ್ಷದ ರೂಪಾಯಿಗೆ ಪೂರ್ತಿ ಬೆಲೆ, ಹಿಂದಿನ ವರ್ಷದ್ದಕ್ಕೆ ವಟ್ಟ. ತೂಕ ಕಡಿಮೆಯಾಗದಿದ್ದರೂ ವರ್ಷ ಕಳೆದದ್ದಕ್ಕೇ ಕಡಿತ. ಈ ಪದ್ಧತಿಯಿಂದ ಹೊಟ್ಟೆ ತುಂಬಿಸಿಕೊಂಡವರು ಯಾರೆಂದು ಹೇಳಬೇಕಿಲ್ಲ.

ಸೂರತ್ತಿಗೆ ಬೆಳ್ಳಿ ಎಲ್ಲಿಂದ ಬಂತು? ಮೊಗಲರ ರೂಪಾಯಿಗೆ ಬೇಕಾದಷ್ಟು ಬೆಳ್ಳಿ ಹಿಂದುಸ್ಥಾನದ ಗಣಿಗಳಲ್ಲಿ ಹುಟ್ಟುತ್ತಿರಲಿಲ್ಲ. ಅದು ಹಡಗಿನಲ್ಲಿ ಬರಬೇಕಿತ್ತು. ಸ್ಪೇನಿನವರು ಮೆಕ್ಸಿಕೋದಲ್ಲಿ, ಇಂದಿನ ಬೊಲಿವಿಯಾದ ಪೊಟೊಸಿ ಬೆಟ್ಟದಲ್ಲಿ ತೆಗೆಸಿದ ಬೆಳ್ಳಿ ‘ಎಂಟು ರಿಯಾಲಿನ’ ದೊಡ್ಡ ನಾಣ್ಯವಾಗಿ ಯುರೋಪಿಗೆ ಬಂತು. ಅಲ್ಲಿಂದ ಒಂದಿಷ್ಟು ಇಂಗ್ಲಿಷ್, ಡಚ್ ಕಂಪನಿಗಳ ಹಡಗೇರಿ ಬಟ್ಟೆ ಕೊಳ್ಳಲು ಸೂರತ್ತಿಗೆ ಬಂತು. ಇನ್ನೊಂದಿಷ್ಟು ತುರ್ಕರ ನಾಡು ದಾಟಿ ಯೆಮನ್‌ನ ಮೋಖಾ ಬಂದರಿಗೆ ಇಳಿಯಿತು. ಅಲ್ಲಿ ಗುಜರಾತಿನ ಬಟ್ಟೆ ಮಾರಿದ ವರ್ತಕರು ಅದನ್ನು ಊರಿಗೆ ತಂದರು. 1695ರಲ್ಲಿ ಹೀಗೆ ಹಣ ತುಂಬಿಕೊಂಡು ಹಜ್ ಯಾತ್ರಿಕರೊಡನೆ ಮರಳುತ್ತಿದ್ದ ಬಾದಶಾಹನ ‘ಗಂಜ್-ಇ-ಸವಾಯಿ’ ಹಡಗನ್ನು ಹೆನ್ರಿ ಎವೆರಿ ಎಂಬ ಇಂಗ್ಲಿಷ್ ಕಡಲ್ಗಳ್ಳ ಲೂಟಿ ಮಾಡಿದ. ಆ ಕೋಪಕ್ಕೆ ಸೂರತ್ತಿನ ಇಂಗ್ಲಿಷ್ ಕೋಠಿಯವರು ಸೆರೆಯಲ್ಲಿ ಕೂರಬೇಕಾಯಿತು.

ಸೂರತ್ತಿಗೆ ಬಂದ ಪರದೇಶಿ ನಾಣ್ಯ ಹಾಗೇ ಪೇಟೆಯಲ್ಲಿ ನಡೆಯುವಂತಿರಲಿಲ್ಲ. ಟಂಕಸಾಲೆಗೆ ಹಾಕಿ, ಕೂಲಿ ಕೊಟ್ಟು ರೂಪಾಯಿ ಮಾಡಿಸಿಕೊಳ್ಳಬೇಕು. ಸ್ಪೇನಿನ ನಾಣ್ಯದಲ್ಲಿ ಶುದ್ಧ ಬೆಳ್ಳಿ ಸುಮಾರು 25 ಗ್ರಾಂ. ಔರಂಗಜೇಬನ ರೂಪಾಯಿಯ ತೂಕ 11.4 ಗ್ರಾಂ, ಅದು ಹೆಚ್ಚುಕಡಿಮೆ ಶುದ್ಧವೇ. ಒಂದು ಕೊಟ್ಟರೆ ಎರಡು ರೂಪಾಯಿ, ಮೇಲೆ ತುಸು ಚಿಲ್ಲರೆ. ನಮ್ಮ ನಾಣ್ಯದ ಬೆಳ್ಳಿ ಯಾವ ಗಣಿಯದು ಎಂದು ಬೊಟ್ಟು ಮಾಡಲಾಗದು, ಏಕೆಂದರೆ ಮೂಸೆಯಲ್ಲಿ ಎಲ್ಲ ಕೂಡಿಹೋಗಿದೆ. ಸಾಗರದಾಚೆಯದು ಅದರಲ್ಲಿ ಸೇರಿರುವ ಸಾಧ್ಯತೆ ಮಾತ್ರ ಬಹಳ.

ಇನ್ನು ಸೂರತ್ತಿನಿಂದ ಹುಣಸಗಿ ಸೀಮೆಗೆ. ಇದಕ್ಕೆ ಬಾದಶಾಹನೇ ಕಾರಣನೆಂದು ನನ್ನ ಅಂದಾಜು. 1687ರಲ್ಲಿ ಬೇಡರ ಸಗರ ಕೋಟೆ ಮೊಗಲರ ಕೈಸೇರಿತು, ಆದರೆ ಬೇಡರ ದೊರೆ ಪಿಡ್ಡನಾಯಕ ವಾಗಣಗೇರಾದಲ್ಲಿ ಕೋಟೆ ಕಟ್ಟಿಕೊಂಡು ತಲೆಬಾಗದೆ ಉಳಿದ. ಸೇನಾಪತಿಗಳಿಂದ ಆಗದ್ದನ್ನು ಮಾಡಲು 1705ರ ಫೆಬ್ರುವರಿಯಲ್ಲಿ ಔರಂಗಜೇಬನೇ ಬಂದ. ಆಗ ಅವನಿಗೆ ಎಂಬತ್ತಾರು ವರ್ಷ. ಬೇಡರ ಬಂದೂಕಿನ ಗುರಿ ತಪ್ಪುತ್ತಿರಲಿಲ್ಲ. ಹೊರಗಿನಿಂದ ಧನಾಜಿ ಜಾಧವನ ಮರಾಠಾ ಪಡೆಯೂ ನೆರವಿಗೆ ಬಂತು. ಸಂಧಿಯ ಮಾತಾಡುತ್ತ ನಾಯಕ ದಿನ ದೂಡಿದ. ಏಪ್ರಿಲ್ ಕೊನೆಗೆ ಒಂದು ರಾತ್ರಿ ಕೋಟೆ ಬಿಟ್ಟು ಹೊರಟುಹೋದ. ಬಾದಶಾಹನ ಕೈಗೆ ಸಿಕ್ಕದ್ದು ಬರಿ ಗೋಡೆ. ಅದಕ್ಕೆ ರಹಮಾನ್ ಬಕ್ಷ್ ಎಂದು ಹೆಸರಿಟ್ಟು, ಹತ್ತಿರದ ದೇವಾಪುರದಲ್ಲಿ ಅಕ್ಟೋಬರ್‌ವರೆಗೆ ಬೀಡುಬಿಟ್ಟ. ಅಲ್ಲೇ ಜಡ್ಡು ಬಿದ್ದ. ಅವನು ಖುದ್ದಾಗಿ ನಿಂತು ನಡೆಸಿದ ಕೊನೆಯ ಮುತ್ತಿಗೆ ಇದು. ಎರಡು ವರ್ಷ ತುಂಬುವ ಮೊದಲೇ ಅಹಮದನಗರದಲ್ಲಿ ತೀರಿಕೊಂಡ.

ಎಂಟು ತಿಂಗಳು ಇಲ್ಲಿ ನಿಂತ ಆ ಬೀಡೇ ಒಂದು ಪಟ್ಟಣದಂತಿತ್ತು. ಸೈನಿಕರ ಪಗಾರ ವರ್ಷಗಟ್ಟಲೆ ಬಾಕಿ. ಖಜಾನೆಯ ಗಾಡಿ ಬಂದ ದಿನವೇ ಹಂಚಿಕೆ. ಬಂದ ರೂಪಾಯಿ ಲಂಬಾಣಿಗಳ ಕಾಳಿಗೆ, ಕುದುರೆಯ ಮೇವಿಗೆ ಹೋಯಿತು. ಮೇವು ಹುಡುಕಿ ಸವಾರರು ಸುತ್ತಲ ಊರುಗಳಿಗೂ ಬರುತ್ತಿದ್ದರು.

ಇದು ಊಹೆಯೇ, ಆದರೆ ನಾಣ್ಯ ಅದಕ್ಕೆ ಸಾಕ್ಷಿ ಕೊಡುತ್ತದೆ. ಮಾಸ್ತರರು ಪತ್ತಾರನ ತಕ್ಕಡಿಯಲ್ಲಿ ತೂಗಿಸಿದಾಗ 11.3 ಗ್ರಾಂ ಬಂತು. ಅಕ್ಷರದ ಏಣು ಮೊಂಡಾಗಿಲ್ಲ. ಸರಾಫರು ಶುದ್ಧಿ ನೋಡಲು ಒತ್ತುವ ಚಿಕ್ಕ ಗುರುತು ಒಂದೇ ಒಂದು ಇದೆ. ಐವತ್ತು ವರ್ಷ ಕೈಯಿಂದ ಕೈಗೆ ಹೋದ ರೂಪಾಯಿ ನುಣ್ಣಗಾಗಿ, ಮೈತುಂಬ ಗುರುತು ಹೊತ್ತಿರುತ್ತದೆ. ಇದು ಹುಟ್ಟಿದ ಕೆಲವೇ ವರ್ಷಕ್ಕೆ ಮಣ್ಣು ಸೇರಿರಬೇಕು. ಯಾರೋ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದು ನೂರು ವರ್ಷದ ಮೇಲೆ ಬಿದ್ದಿದ್ದರೂ ಹೀಗೇ ಕಾಣುತ್ತಿತ್ತು, ಅದನ್ನೂ ಒಪ್ಪಬೇಕು.

ಖೋಟಾ ಅಲ್ಲವೆಂದೂ ಮಾಸ್ತರರು ನೋಡಿಕೊಂಡರು. ಜಾತ್ರೆಯಲ್ಲಿ ‘ಹಳೇ ನಾಣ್ಯ’ವೆಂದು ಮಾರುವುದು ಹೆಚ್ಚಾಗಿ ಎರಕದ್ದು: ಅಂಚಿನ ಸುತ್ತ ಎರಡು ಅಚ್ಚು ಕೂಡಿದ ಗೆರೆ, ಮೈಮೇಲೆ ಸೂಜಿಮೊನೆಯಂಥ ತೂತು, ತೂಕ ಕಡಿಮೆ. ಸುತ್ತಿಗೆ ಪೆಟ್ಟಿನ ನಾಣ್ಯದಲ್ಲಿ ಇವು ಇರುವುದಿಲ್ಲ.

‘ಮತ್ತ ಅಲ್ಲೇ ಅಗದ್ರ ಇನ್ನೂ ಸಿಗ್ತಾವೇನ್ರೀ?’

‘ಗಡಿಗಿ ಚೂರು ಕಂಡಿಯೇನು?’

‘ಇಲ್ರೀ. ಇದೊಂದೇ.’

‘ಹಂಗಿದ್ರ ಇದು ಹೂಳಿಟ್ಟದ್ದಲ್ಲ, ಬಿದ್ದದ್ದು. ಅಗೀಬ್ಯಾಡ. ಯಾವ ಸಾಲಿನ್ಯಾಗ ಸಿಕ್ತು, ಸರ್ವೆ ನಂಬರ್ ಎಷ್ಟು, ಇವತ್ತೇ ಬರದಿಡು.’

ಮುತ್ಯಾನಿಗೆ ಕಚೇರಿ ಎಂದರೆ ಅಂಜಿಕೆ. ಹೊಲವನ್ನೇ ಕಸಿದುಕೊಂಡಾರು ಎಂದ. ಮಾಸ್ತರರು ತಾವೇ ಜೊತೆಗೆ ಹೊರಟರು. ನೆಲದಲ್ಲಿ ಸಿಕ್ಕ ಬೆಲೆಯುಳ್ಳ ಹಳೆ ವಸ್ತುವಿನ ವಿಷಯ ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ಕಾನೂನು ಭಾರತದಲ್ಲಿ 1878ರಿಂದ ಇದೆ, ಕರ್ನಾಟಕಕ್ಕೆ ತನ್ನದೇ 1962ರ ಕಾಯ್ದೆ ಇದೆ. ಇವು ಸಿಕ್ಕ ವಸ್ತುವಿನ ಕಾಯ್ದೆಗಳು, ಹೊಲ ಕಸಿಯುವವಲ್ಲ. ಹುಣಸಗಿ ತಹಶೀಲ್ ಕಚೇರಿಯ ಗುಮಾಸ್ತ ಅರ್ಜಿಯ ಮೇಲೆ ‘ಹಳೇ ಬೆಳ್ಳಿ ಬಿಲ್ಲೆ, 1’ ಎಂದು ಬರೆದುಕೊಂಡ. ಹುಡುಗ ಒಪ್ಪಲಿಲ್ಲ. ‘ಬಿಲ್ಲೆ ಅಲ್ರೀ ಕಾಕಾ, ಸೂರತ್ ರೂಪಾಯಿ. 1702ರದು. ಹಂಗ ಬರೀರಿ’ ಎಂದ.