ಒದ್ದೆ ಬಟ್ಟೆ ಸುತ್ತಿಕೊಂಡ ಥರ್ಮಾಮೀಟರ್

ಹವಾಮಾನ ವೀಕ್ಷಣಾಲಯದ ಅಂಗಳದಲ್ಲಿ ಎದೆಮಟ್ಟದ ಕಾಲುಗಳ ಮೇಲೆ ನಿಂತ ಬಿಳಿ ಬಣ್ಣದ ಮರದ ಪೆಟ್ಟಿಗೆಯೊಂದು ಇರುತ್ತದೆ. ಅದರ ನಾಲ್ಕೂ ಬದಿಗೆ ಗಾಳಿ ಒಳನುಗ್ಗಲು ಓರೆ ಪಟ್ಟಿಗಳು. ಸ್ಟೀವನ್‌ಸನ್ ಪೆಟ್ಟಿಗೆ ಎಂದು ಇದರ ಹೆಸರು. ಒಳಗೆ ನೇತುಹಾಕಿದ ಥರ್ಮಾಮೀಟರುಗಳಲ್ಲಿ ಎರಡು ಅವಳಿಗಳಂತೆ ಒಂದೇ ಬಗೆಯವು. ಒಂದರ ಬುಡದ ಗುಂಡು ಬರಿದಾಗಿದೆ. ಇನ್ನೊಂದರ ಗುಂಡಿಗೆ ತೆಳು ಮಸ್ಲಿನ್ ಬಟ್ಟೆ ಸುತ್ತಿ, ಅದರಿಂದ ಹತ್ತಿಯ ಬತ್ತಿಯನ್ನು ಕೆಳಗಿನ ಪುಟ್ಟ ನೀರಿನ ಬಟ್ಟಲಿಗೆ ಇಳಿಬಿಟ್ಟಿದ್ದಾರೆ. ಗಾಳಿ ಒಂದೇ, ನೆರಳು ಒಂದೇ. ಆದರೂ ಬೇಸಿಗೆಯ ಮಧ್ಯಾಹ್ನ ಒಣ ಥರ್ಮಾಮೀಟರ್ 42 ಡಿಗ್ರಿ ತೋರಿಸುವಾಗ ಬಟ್ಟೆ ಸುತ್ತಿಕೊಂಡದ್ದು 22ರಲ್ಲೇ ನಿಂತಿರಬಹುದು. ಆ ಎರಡನೆಯ ಅಂಕಿಯೇ ವೆಟ್ ಬಲ್ಬ್ ತಾಪಮಾನ.

ನೀರು ಆವಿಯಾಗುವಾಗ ತಂಪಾಗುತ್ತದೆ ಎಂಬುದು ಮಣ್ಣಿನ ಹೂಜಿ ಇಟ್ಟುಕೊಂಡ ಎಲ್ಲ ಮನೆಗೂ ಗೊತ್ತು. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,430 ಜೌಲ್ ಶಾಖ ಬೇಕು. ಅರ್ಧ ಕಿಲೋಗೂ ಹೆಚ್ಚು ನೀರನ್ನು ಒಂದು ಡಿಗ್ರಿ ತಣ್ಣಗಾಗಿಸಬಲ್ಲಷ್ಟು ದೊಡ್ಡ ಮೊತ್ತ ಅದು. ಹಾಗಿದ್ದರೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಬತ್ತಿ ನೀರು ಹೀರುತ್ತಲೇ ಇರುತ್ತದೆ, ಆ ನೀರು ಆವಿಯಾಗುತ್ತಲೇ ಇರುತ್ತದೆ. ಆದರೂ ಥರ್ಮಾಮೀಟರ್ ಇಳಿಯುತ್ತಾ ಹೋಗದೆ 22ಕ್ಕೇ ಏಕೆ ನಿಲ್ಲುತ್ತದೆ?

ಉತ್ತರ ಒಂದು ಜಮಾ-ಖರ್ಚಿನಲ್ಲಿದೆ. ಒದ್ದೆ ಬಟ್ಟೆ ಸುತ್ತಲಿನ ಗಾಳಿಗಿಂತ ತಣ್ಣಗಾದ ಕೂಡಲೇ ಬಿಸಿ ಗಾಳಿ ಅದಕ್ಕೆ ಶಾಖ ಕೊಡತೊಡಗುತ್ತದೆ. ಥರ್ಮಾಮೀಟರಿನಲ್ಲಿ ನೇರವಾಗಿ ಕಾಣುವ ಈ ಶಾಖವನ್ನು ಸಂವೇದ್ಯ ಶಾಖ ಎನ್ನುತ್ತಾರೆ. ಗಾಳಿಗೂ ಬಟ್ಟೆಗೂ ಎಷ್ಟು ಡಿಗ್ರಿ ವ್ಯತ್ಯಾಸವೋ ಅದಕ್ಕೆ ತಕ್ಕಷ್ಟು ಜಮಾ. ಖರ್ಚು ಆವಿಯ ರೂಪದ್ದು. ಬಟ್ಟೆಯ ಮೈಗೆ ತಾಗಿದ ಗಾಳಿಯಲ್ಲಿ ನೀರಾವಿ ತುಂಬಿ ತುಳುಕುತ್ತಿರುತ್ತದೆ, ದೂರದ ಗಾಳಿಯಲ್ಲಿ ಅಷ್ಟಿಲ್ಲ. ಈ ಎರಡು ಆವಿ ಒತ್ತಡಗಳ ಅಂತರ ಎಷ್ಟೋ ಅಷ್ಟು ವೇಗವಾಗಿ ನೀರು ಹೊರಡುತ್ತದೆ, ಹೊರಡುವಾಗ ಶಾಖವನ್ನು ಜೊತೆಗೆ ಒಯ್ಯುತ್ತದೆ. ಬಟ್ಟೆ ತಣ್ಣಗಾದಂತೆ ಜಮಾ ಏರುತ್ತದೆ, ಖರ್ಚು ಇಳಿಯುತ್ತದೆ. ಏಕೆಂದರೆ ತಣ್ಣನೆಯ ನೀರಿನ ಮೇಲಿನ ಆವಿ ಒತ್ತಡ ಬಹಳ ಬೇಗ ಕುಸಿಯುತ್ತದೆ: 40 ಡಿಗ್ರಿಯಲ್ಲಿ ಸುಮಾರು 74 ಹೆಕ್ಟೋಪಾಸ್ಕಲ್, 30ರಲ್ಲಿ 42, 20ರಲ್ಲಿ ಬರೀ 23.

ಕಲಬುರಗಿಯ ಮೇ ತಿಂಗಳಿನಂಥ ಒಂದು ಮಧ್ಯಾಹ್ನವನ್ನು ತೆಗೆದುಕೊಂಡು ಲೆಕ್ಕ ಹಾಕಿ ನೋಡಬಹುದು. ಗಾಳಿ 42 ಡಿಗ್ರಿ, ಅದರಲ್ಲಿರುವ ಆವಿಯ ಒತ್ತಡ 13.8 ಹೆಕ್ಟೋಪಾಸ್ಕಲ್. ಆ ಎತ್ತರದ ಊರಿನ ವಾಯುಒತ್ತಡದಲ್ಲಿ ಒಂದು ಹೆಕ್ಟೋಪಾಸ್ಕಲ್ ಆವಿ ಅಂತರದಿಂದ ಆಗುವ ನಷ್ಟವು ಸುಮಾರು 1.6 ಡಿಗ್ರಿ ತಾಪಮಾನ ವ್ಯತ್ಯಾಸದಿಂದ ಬರುವ ಲಾಭಕ್ಕೆ ಸಮ. ಹಾಗಾಗಿ ಜಮಾ, ಖರ್ಚು ಎರಡನ್ನೂ ಡಿಗ್ರಿಯಲ್ಲೇ ಅಳೆಯಬಹುದು.

ಬಟ್ಟೆ ಇನ್ನೂ 42 ಡಿಗ್ರಿಯಲ್ಲಿದೆ ಎಂದುಕೊಳ್ಳೋಣ. ಗಾಳಿಯಷ್ಟೇ ಬಿಸಿಯಾಗಿರುವುದರಿಂದ ಜಮಾ ಸೊನ್ನೆ, ಖರ್ಚು ಮಾತ್ರ 108ರಷ್ಟು. ಬಟ್ಟೆ ಭರದಿಂದ ತಣ್ಣಗಾಗುತ್ತದೆ. 30 ಡಿಗ್ರಿಗೆ ಇಳಿದಾಗ ಜಮಾ 12, ಖರ್ಚು 45. ಇನ್ನೂ ನಷ್ಟವೇ, ಇಳಿತ ಮುಂದುವರಿಯುತ್ತದೆ. 22ಕ್ಕೆ ಬಂದಾಗ ಜಮಾ 20, ಖರ್ಚೂ 20. ಪಾದರಸ ಅಲ್ಲಿ ನಿಲ್ಲುತ್ತದೆ. ಆವಿಯಾಗುವುದು ನಿಂತಿಲ್ಲ, ಶಾಖ ಬರುವುದೂ ನಿಂತಿಲ್ಲ. ಬಂದಷ್ಟೇ ಹೋಗುತ್ತಿದೆ.

ಇದನ್ನು ತಲೆಕೆಳಗು ಮಾಡಿಯೂ ಪರೀಕ್ಷಿಸಬಹುದು. ಯಾರೋ ತಣ್ಣೀರು ಹಾಕಿದ್ದರಿಂದ ಬಟ್ಟೆ 18 ಡಿಗ್ರಿಗೆ ಇಳಿದಿದ್ದರೆ ಜಮಾ 24, ಖರ್ಚು ಸುಮಾರು 11. ಈಗ ಲಾಭ ಹೆಚ್ಚು, ಪಾದರಸ ಮೇಲೇರಿ ಮತ್ತೆ 22ಕ್ಕೇ ಬರುತ್ತದೆ. ಎಲ್ಲಿಂದ ಹೊರಟರೂ ತಲುಪುವ ಜಾಗ ಒಂದೇ. ತಲುಪಲು ಹಿಡಿಯುವ ಹೊತ್ತು ಮಾತ್ರ ಬೇರೆ. ಬಟ್ಟೆಯನ್ನು ಒದ್ದೆ ಮಾಡಿದ ತಕ್ಷಣ ಅಂಕಿ ಬರೆದುಕೊಳ್ಳದೆ ಕೆಲವು ನಿಮಿಷ ಕಾಯುವುದು ಇದಕ್ಕಾಗಿಯೇ.

ಈ ಲೆಕ್ಕದಲ್ಲಿ ಗಾಳಿಯ ವೇಗ ಎಲ್ಲೂ ಬರಲಿಲ್ಲ ಎಂಬುದನ್ನು ಗಮನಿಸಬೇಕು. ವಿಷಯದ ಅತ್ಯಂತ ಸೊಗಸಾದ ಭಾಗ ಇದೇ. ಗಾಳಿ ಬೀಸಿದರೆ ಬಟ್ಟೆ ಬೇಗ ಒಣಗುತ್ತದೆ, ಹಾಗಾದರೆ ಜೋರು ಗಾಳಿಯಲ್ಲಿ ವೆಟ್ ಬಲ್ಬ್ ಇನ್ನೂ ಕೆಳಗಿಳಿಯಬೇಕಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗಾಗುವುದಿಲ್ಲ. ಬಟ್ಟೆಯ ಸುತ್ತ ಅಲುಗಾಡದ ಗಾಳಿಯ ತೆಳ್ಳನೆಯ ಪದರವೊಂದು ಅಂಟಿಕೊಂಡಿರುತ್ತದೆ. ಆವಿ ಹೊರಗೆ ಹೋಗುವುದೂ ಅದರ ಮೂಲಕವೇ, ಶಾಖ ಒಳಗೆ ಬರುವುದೂ ಅದರ ಮೂಲಕವೇ. ಗಾಳಿ ಜೋರಾದರೆ ಪದರ ತೆಳುವಾಗಿ ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಏರುತ್ತವೆ. ಜಮಾ ಇಮ್ಮಡಿಯಾದರೆ ಖರ್ಚೂ ಇಮ್ಮಡಿ. ಸಮತೋಲದ ಬಿಂದು ಕದಲುವುದಿಲ್ಲ. ಗಾಳಿಯೊಳಗೆ ಶಾಖ ಹರಡುವ ವೇಗವೂ ನೀರಾವಿ ಹರಡುವ ವೇಗವೂ ಬಹಳ ಹತ್ತಿರವಿರುವುದರಿಂದ ಈ ಹೊಂದಾಣಿಕೆ ಸಾಧ್ಯವಾಗಿದೆ. ನೀರಿನ ಜಾಗದಲ್ಲಿ ಬೇರೆ ದ್ರವ ಬಳಸಿದರೆ ಇದೇ ಲೆಕ್ಕ ಕೂಡಿಬರುವುದಿಲ್ಲ.

ಹಾಗಂತ ಗಾಳಿ ಬೇಡವೇ ಬೇಡ ಎಂದಲ್ಲ. ಸುತ್ತಲಿನ ಮರ, ಗೋಡೆ, ನೆಲಗಳಿಂದ ಬರುವ ವಿಕಿರಣದ ಶಾಖವೂ ಬಟ್ಟೆಯನ್ನು ಮುಟ್ಟುತ್ತದೆ, ಅದಕ್ಕೆ ಗಾಳಿಯ ಹಂಗಿಲ್ಲ. ಗಾಳಿ ಸ್ತಬ್ಧವಾಗಿದ್ದಾಗ ಉಳಿದೆರಡೂ ಕುಗ್ಗಿ, ಈ ಕರೆಯದೆ ಬಂದ ಶಾಖ ದೊಡ್ಡದಾಗಿ ಕಾಣುತ್ತದೆ, ಅಂಕಿ ಮೇಲೇರುತ್ತದೆ. ಸೆಕೆಂಡಿಗೆ ಮೂರು ಮೀಟರಿಗಿಂತ ಹೆಚ್ಚು ವೇಗದ ಗಾಳಿ ಹಾಯುತ್ತಿದ್ದರೆ ಅದರ ಪಾಲು ನಗಣ್ಯ. ಜರ್ಮನಿಯ ರಿಚರ್ಡ್ ಆಸ್ಮನ್ 19ನೆಯ ಶತಮಾನದ ಕೊನೆಯ ಭಾಗದಲ್ಲಿ ರೂಪಿಸಿದ ಉಪಕರಣದಲ್ಲಿ ಎರಡು ಥರ್ಮಾಮೀಟರುಗಳನ್ನು ಹೊಳಪಿನ ಲೋಹದ ಕೊಳವೆಗಳೊಳಗೆ ಇಟ್ಟು, ಕೀಲಿ ಕೊಟ್ಟ ಪುಟ್ಟ ಫ್ಯಾನಿನಿಂದ ಗಾಳಿ ಎಳೆಯುತ್ತಿದ್ದರು. ಹೊಳಪು ವಿಕಿರಣವನ್ನು ತಡೆಯಿತು, ಫ್ಯಾನು ಗಾಳಿ ಕೊಟ್ಟಿತು. ಫ್ಯಾನು ಇಲ್ಲದ ಕಡೆ ಎರಡೂ ಥರ್ಮಾಮೀಟರುಗಳನ್ನು ಹಿಡಿಕೆಯ ಚೌಕಟ್ಟಿಗೆ ಕಟ್ಟಿ ಕೈಯಲ್ಲೇ ಗರಗರನೆ ತಿರುಗಿಸುವ ಪದ್ಧತಿಯೂ ಇದೆ.

ಅಳತೆ ಕೆಡುವುದು ಹೆಚ್ಚಾಗಿ ಬಟ್ಟೆಯಲ್ಲಿ. ಹೊಸ ಮಸ್ಲಿನ್‌ನಲ್ಲಿ ಗಂಜಿ ಉಳಿದಿದ್ದರೆ ನೀರು ಸರಿಯಾಗಿ ಹರಡದು. ನಲ್ಲಿ ಅಥವಾ ಬೋರ್‌ವೆಲ್ ನೀರು ಹಾಕಿದರೆ ನೀರು ಆರಿ ಲವಣ ಉಳಿದು ಬಟ್ಟೆ ಗಡುಸಾಗುತ್ತದೆ. ಕಡಲತೀರದಲ್ಲಿ ಗಾಳಿಯ ಉಪ್ಪು ಬಂದು ಕೂರುತ್ತದೆ, ಉಪ್ಪುನೀರಿನ ಮೇಲೆ ಆವಿ ಒತ್ತಡ ಕಡಿಮೆ. ಅದಕ್ಕೇ ಬಟ್ಟಿ ಇಳಿಸಿದ ನೀರನ್ನೇ ಬಳಸಬೇಕು, ಬಟ್ಟೆ-ಬತ್ತಿಗಳನ್ನು ಆಗಾಗ ಬದಲಿಸಬೇಕು. ಈ ತಪ್ಪುಗಳಿಗೆಲ್ಲ ಒಂದು ಸಮಾನ ಲಕ್ಷಣವಿದೆ: ಅವು ವೆಟ್ ಬಲ್ಬನ್ನು ಮೇಲಕ್ಕೇ ತಳ್ಳುತ್ತವೆ. ಕೊಳೆ, ಉಪ್ಪು, ಒಣಗಿದ ಬತ್ತಿ, ನಿಂತ ಗಾಳಿ, ಯಾವುದೇ ಆಗಲಿ, ಗಾಳಿಯನ್ನು ಇದ್ದದ್ದಕ್ಕಿಂತ ತೇವವಾಗಿ ತೋರಿಸುತ್ತದೆ. ಮೇಲಿನ ಉದಾಹರಣೆಯಲ್ಲಿ ಬಟ್ಟೆ ಕೊಳೆಯಾಗಿ 22ರ ಬದಲು 23.5 ತೋರಿಸಿದರೆ ಸಾಪೇಕ್ಷ ಆರ್ದ್ರತೆ ಶೇ. 17ರಿಂದ ಸುಮಾರು ಶೇ. 21ಕ್ಕೆ ಜಿಗಿದುಬಿಡುತ್ತದೆ. ಆಗುಂಬೆಯ ಮಳೆಗಾಲದ ಮಂಜಿನಲ್ಲಿ ಪರೀಕ್ಷೆ ಇನ್ನೂ ಸುಲಭ. ಗಾಳಿಗೆ ಇನ್ನಷ್ಟು ಆವಿ ಹಿಡಿಯಲು ಜಾಗವೇ ಇಲ್ಲದಿದ್ದಾಗ ಎರಡೂ ಥರ್ಮಾಮೀಟರುಗಳು ಒಂದೇ ಅಂಕಿ ತೋರಿಸಬೇಕು.

ಈಗ ಮಂಗಳೂರಿಗೆ ಬರೋಣ. ಮೇ ತಿಂಗಳ ಮಧ್ಯಾಹ್ನ, 33 ಡಿಗ್ರಿ, ಆವಿ ಒತ್ತಡ 34.5. ಬಟ್ಟೆ 28ಕ್ಕೆ ಇಳಿಯುವಷ್ಟರಲ್ಲೇ ಜಮಾ-ಖರ್ಚು ಎರಡೂ 5 ಆಗಿ ಲೆಕ್ಕ ಮುಗಿಯುತ್ತದೆ. ಕಲಬುರಗಿಗಿಂತ ಒಂಬತ್ತು ಡಿಗ್ರಿ ತಂಪಾದ ಊರಿನ ವೆಟ್ ಬಲ್ಬ್ ಆರು ಡಿಗ್ರಿ ಹೆಚ್ಚು! ಕಲಬುರಗಿಯಲ್ಲಿ ನೀರಿನ ಕೂಲರ್ ಚೆನ್ನಾಗಿ ಕೆಲಸ ಮಾಡಲು, ಮಂಗಳೂರಿನಲ್ಲಿ ಅದನ್ನು ಇಟ್ಟುಕೊಂಡವರು ಬೇಸರಪಡಲು ಕಾರಣ ಇಷ್ಟೇ. ಕೂಲರಿನ ಒದ್ದೆ ಹುಲ್ಲಿನ ತಟ್ಟಿಯೂ ದೊಡ್ಡದೊಂದು ವೆಟ್ ಬಲ್ಬೇ. ಅದರಿಂದ ಹೊರಬರುವ ಗಾಳಿ ವೆಟ್ ಬಲ್ಬ್ ತಾಪಮಾನಕ್ಕಿಂತ ಕೆಳಗೆ ಹೋಗಲಾರದು, ವಾಸ್ತವವಾಗಿ ಅಷ್ಟು ದೂರವೂ ಹೋಗುವುದಿಲ್ಲ. ಐದರಲ್ಲಿ ನಾಲ್ಕು ಪಾಲು ದಾರಿ ಕ್ರಮಿಸಿದರೂ ಕಲಬುರಗಿಯಲ್ಲಿ 42ರ ಗಾಳಿ 26 ಆಗುತ್ತದೆ. ಮಂಗಳೂರಿನಲ್ಲಿ 33ರದ್ದು 29 ಆಗಿ, ಕೋಣೆಯ ತೇವ ಇನ್ನಷ್ಟು ಹೆಚ್ಚುತ್ತದೆ.

ಬೆವರಿದ ಮನುಷ್ಯನ ದೇಹಕ್ಕೂ ಇದೇ ಜಮಾ-ಖರ್ಚು ಅನ್ವಯಿಸುತ್ತದೆ, ಆದರೆ ಒಂದು ವ್ಯತ್ಯಾಸವಿದೆ. ಥರ್ಮಾಮೀಟರ್ ತಾನಾಗಿ ಶಾಖ ಉತ್ಪಾದಿಸುವುದಿಲ್ಲ, ದೇಹ ಉತ್ಪಾದಿಸುತ್ತದೆ. ಸುಮ್ಮನೆ ಕುಳಿತಾಗಲೂ ಸುಮಾರು 100 ವಾಟ್ ಹೊರಹೋಗಲೇಬೇಕು. ಅದು ಹೋಗಬೇಕಾದರೆ ಒದ್ದೆ ಚರ್ಮ ವೆಟ್ ಬಲ್ಬ್ ತಾಪಮಾನಕ್ಕಿಂತ ಬಿಸಿಯಾಗಿರಬೇಕು. ಚರ್ಮ ಸುಮಾರು 35 ಡಿಗ್ರಿಯಲ್ಲಿರುವುದರಿಂದ, ವೆಟ್ ಬಲ್ಬ್ ಅಷ್ಟಕ್ಕೆ ಏರಿದರೆ ಶಾಖ ಹೊರಹೋಗುವ ಬಾಗಿಲೇ ಮುಚ್ಚುತ್ತದೆ. 2010ರಲ್ಲಿ ಸ್ಟೀವನ್ ಶೆರ್‌ವುಡ್ ಮತ್ತು ಮ್ಯಾಥ್ಯೂ ಹ್ಯೂಬರ್ 35ನ್ನು ಮಿತಿಯಾಗಿ ಮುಂದಿಟ್ಟದ್ದು ಈ ತರ್ಕದ ಮೇಲೆಯೇ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಯೋಗಗಳಲ್ಲಿ ಆರೋಗ್ಯವಂತ ತರುಣರ ದೇಹವೂ ತೇವದ ಬಿಸಿಯಲ್ಲಿ ಸುಮಾರು 31ರ ಆಸುಪಾಸಿನಲ್ಲೇ ಸೋಲತೊಡಗಿತು, ಒಣ ಬಿಸಿಯಲ್ಲಿ ಅದಕ್ಕಿಂತ ಕಡಿಮೆ ಅಂಕಿಯಲ್ಲೇ.

ಒಣ ಬಿಸಿಯಲ್ಲಿ ವೆಟ್ ಬಲ್ಬ್ ಕಡಿಮೆಯಿದ್ದೂ ದೇಹ ಸೋಲುವುದೇಕೆ ಎಂಬುದಕ್ಕೆ ಮತ್ತೆ ಆ ಪೆಟ್ಟಿಗೆಯೊಳಗಿನ ಬತ್ತಿಯನ್ನೇ ನೋಡಬೇಕು. 42 ಡಿಗ್ರಿಯ ಒಣ ಗಾಳಿ ಎಷ್ಟು ಬೇಕಾದರೂ ಆವಿ ಒಯ್ಯಲು ಸಿದ್ಧವಿರುತ್ತದೆ, ಆದರೆ ಬಟ್ಟೆಯನ್ನು ಒದ್ದೆಯಾಗಿಡುವಷ್ಟು ನೀರನ್ನು ಬತ್ತಿ ಒದಗಿಸಬೇಕು. ದೇಹದ ಬತ್ತಿ ಬೆವರಿನ ಗ್ರಂಥಿಗಳು. ಅವು ಒದಗಿಸಬಹುದಾದ ಬೆವರಿಗೆ ಮಿತಿಯಿದೆ, ವಯಸ್ಸಾದವರಲ್ಲಿ ಆ ಮಿತಿ ಇನ್ನೂ ಕಡಿಮೆ. ಗಂಟೆಗೆ ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 675 ವಾಟ್ ಶಾಖ ಹೊರಹೋಗುತ್ತದೆ, ಬಿಸಿಲಲ್ಲಿ ತೊಗರಿ ಹೊಲದಲ್ಲಿ ದುಡಿಯುವವರಿಗೆ ಅಷ್ಟೂ ಬೇಕಾದೀತು. ಆ ಒಂದು ಲೀಟರನ್ನು ಪ್ರತಿ ಗಂಟೆಯೂ ಕುಡಿದು ತುಂಬಿಕೊಳ್ಳದಿದ್ದರೆ ಬಟ್ಟಲು ಬರಿದಾಗುತ್ತದೆ, ಆಗ ವೀಕ್ಷಣಾಲಯದ ವೆಟ್ ಬಲ್ಬ್ 22 ಎಂದು ತೋರಿಸುತ್ತಿದ್ದರೂ ಆ ದೇಹದ ಪಾಲಿಗೆ ಅದು ಬತ್ತಿ ಒಣಗಿದ ಥರ್ಮಾಮೀಟರ್.