ಕಾರ್ವಿ ಒಣಗಿದ ಮೇಲೆ ಚಿಟ್ಟೆ ಎಲ್ಲಿ ಹೋಯ್ತು? ಪಿಎಚ್‌ಡಿ ಎಸ್‌ಒಪಿಯಲ್ಲಿ ಪ್ರಶ್ನೆ ಹುಡುಕುವ ಬಗ್ಗೆ

ಈ ವಾರದ ಮಾತುಕತೆಯ ಬರಹ ರೂಪ ಇದು. ಮಾತಾಡುವಾಗ ಬಿಟ್ಟುಹೋದ ಒಂದೆರಡು ವಿಷಯಗಳನ್ನೂ ಇಲ್ಲಿ ಸೇರಿಸಿದ್ದೀನಿ.

ಮುಲುಂಡ್‌ನಲ್ಲಿರುವ ನಮ್ಮ ವೀಕ್ಷಕರೊಬ್ಬರು ತಮ್ಮ ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಕಳಿಸಿದ್ದರು. ವಾರವಿಡೀ ಸೇತುವೆ ದಾಟಿ ಐರೋಲಿಗೆ ಹೋಗಿ ಕೋಡ್ ಬರೆಯೋದು, ಭಾನುವಾರ ಬೆಳಿಗ್ಗೆ ಕಾಡಂಚಿನಲ್ಲಿ ಚಿಟ್ಟೆ ಎಣಿಸೋದು. ಈಗ ಕಮ್ಯುನಿಟಿ ಇಕಾಲಜಿಯಲ್ಲಿ ಪಿಎಚ್‌ಡಿ ಮಾಡಬೇಕು ಅಂತ ಆಸೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿ ಹೇಳ್ತೀನಿ.

ಮೊದಲು ಒಂದು ಗೊಂದಲ ಕಳೆಯೋಣ. ಇಲ್ಲಿ ಕಮ್ಯುನಿಟಿ ಅಂದ್ರೆ ಜನರ ಸಮುದಾಯ ಅಲ್ಲ. ಒಂದೇ ಜಾಗದಲ್ಲಿ ಒಟ್ಟಿಗೆ ಬದುಕುವ ಬೇರೆ ಬೇರೆ ಜಾತಿಯ ಜೀವಿಗಳ ಕೂಟ. ಯಾವ ಜಾತಿ ಅಲ್ಲಿದೆ, ಯಾವುದು ಇಲ್ಲ, ಯಾಕೆ ಅನ್ನೋದೇ ಈ ಶಾಸ್ತ್ರದ ಕೆಲಸ. ಹಾಗಾಗಿ ಒಂದೇ ಪ್ರಾಣಿಯ ಮೇಲಿನ ಪ್ರೀತಿ ಇಲ್ಲಿ ಅಷ್ಟಾಗಿ ಕೆಲಸಕ್ಕೆ ಬರೋದಿಲ್ಲ.

ಅವರ ಬರಹದ ಮೊದಲ ಪ್ಯಾರಾ ಪೂರ್ತಿ ಮಲೆನಾಡಿನ ಬಾಲ್ಯ. ಎರಡನೆಯದರಲ್ಲಿ ಹವಾಮಾನ ಬದಲಾವಣೆ. ಮೂರನೆಯದು ನೋಡಿದ ಚಿಟ್ಟೆಗಳ ಉದ್ದದ ಪಟ್ಟಿ. ನಾಲ್ಕನೆಯದರ ಕೊನೆಯಲ್ಲಿ, ಬೇರೇನೋ ಹೇಳುತ್ತಾ, ಒಂದು ಸಾಲು: "ಕಾರ್ವಿ ಒಣಗಿದ ಮೇಲೆ 2025ರ ಮಳೆಗಾಲದಲ್ಲಿ ಒಳದಾರಿ ತುಂಬಾ ಬೆಳಕಾಯಿತು, ಚಾಕಲೇಟ್ ಪ್ಯಾನ್ಸಿ ಅಪರೂಪವಾಯಿತು." ನಾನು ಓದೋದನ್ನು ಅಲ್ಲೇ ನಿಲ್ಲಿಸಿದೆ. ಅವರ ಎಸ್‌ಒಪಿ ಶುರುವಾಗಬೇಕಿದ್ದಿದ್ದು ಆ ಸಾಲಿನಿಂದ!

ಕಾರ್ವಿ ಅಂದ್ರೆ ನಮ್ಮ ನೀಲಕುರಿಂಜಿಯ ಹತ್ತಿರದ ನೆಂಟ. ಮುಲುಂಡ್‌ನ ಪಶ್ಚಿಮಕ್ಕೆ ಗೋಡೆ ಹಾಗೆ ನಿಂತಿರುವ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡಗಳಲ್ಲಿ, ಪಕ್ಕದ ಯೇವೂರಿನಲ್ಲಿ, ಮರಗಳ ಕೆಳಗೆ ಇದು ಆಳೆತ್ತರದ ಪೊದೆಯಾಗಿ ದಟ್ಟವಾಗಿ ಬೆಳೆಯುತ್ತೆ. ಇದರ ಒಣ ಕಡ್ಡಿ ನೇಯ್ದು ಮಣ್ಣು ಮೆತ್ತಿ ಗುಡಿಸಲಿನ ಗೋಡೆ ಕಟ್ಟುವ ಪದ್ಧತಿ ಇಲ್ಲಿನ ಆದಿವಾಸಿಗಳಲ್ಲಿದೆ. ಎಂಟು ವರ್ಷಕ್ಕೊಮ್ಮೆ ಎಲ್ಲ ಗಿಡಗಳೂ ಒಟ್ಟಿಗೆ ನೇರಳೆ ಹೂ ಬಿಟ್ಟು, ಬೀಜ ಕಟ್ಟಿ, ಒಟ್ಟಿಗೆ ಸಾಯುತ್ತವೆ. ಮುಂಬೈ ಕಾಡಿನಲ್ಲಿ ಇದು ಹೂಬಿಟ್ಟಿದ್ದು 2008ರಲ್ಲಿ, 2016ರಲ್ಲಿ, ಆಮೇಲೆ 2024ರಲ್ಲಿ. ನಮ್ಮ ಗೆಳೆಯರು 2022ರಿಂದಲೇ ಎಣಿಸುತ್ತಿದ್ದರು. ಅಂದ್ರೆ ಗಿಡ ಸಾಯುವ ಮುಂಚಿನದು, ನಂತರದ್ದು ಎರಡೂ ಅವರ ನೋಟ್‌ಬುಕ್‌ನಲ್ಲಿದೆ. ಇದು ಅವರು ಯೋಜಿಸಿದ್ದಲ್ಲ, ಅದೃಷ್ಟ. ಎಸ್‌ಒಪಿಯಲ್ಲಿ ಅದನ್ನು ಅದೃಷ್ಟ ಅಂತಲೇ ಬರೆದರೂ ತಪ್ಪಿಲ್ಲ.

ಎಣಿಸಿದ ರೀತಿಯನ್ನು ಅವರು ಬರೆದೇ ಇರಲಿಲ್ಲ. ಕೇಳಿದಾಗ ಹೇಳಿದ್ರು: ಅನುಮತಿ ಇರುವ ಎರಡು ದಾರಿ, ಒಂದು ಮನೆಗಳ ಅಂಚಿನಲ್ಲಿ, ಇನ್ನೊಂದು ಕಾರ್ವಿಯ ಒಳಗೆ. ಪ್ರತಿ ಸಲ ಅದೇ ಹೊತ್ತು, ಅದೇ ವೇಗ, ಎಡಬಲ ಎರಡೂವರೆ ಮೀಟರ್ ಒಳಗೆ ಕಂಡಿದ್ದು ಮಾತ್ರ ಲೆಕ್ಕಕ್ಕೆ. ಇದಕ್ಕೆ ಪೊಲಾರ್ಡ್ ವಾಕ್ ಅಂತ ಹೆಸರು, 1970ರ ದಶಕದಲ್ಲಿ ಬ್ರಿಟನ್‌ನಲ್ಲಿ ರೂಪುಗೊಂಡ ಪದ್ಧತಿ. "ನಾಲ್ಕು ವರ್ಷ ಚಿಟ್ಟೆ ನೋಡಿದ್ದೇನೆ" ಅಂದ್ರೆ ಅದು ಹವ್ಯಾಸ. ಮೇಲಿನದನ್ನು ಎರಡು ಸಾಲಲ್ಲಿ ಬರೆದರೆ ಅದು ಫೀಲ್ಡ್‌ವರ್ಕ್. ಓದುವ ಪ್ರೊಫೆಸರ್‌ಗೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತೆ.

ಈಗ ಆ ಸಾಲನ್ನು ಪ್ರಶ್ನೆ ಮಾಡೋಣ. ಚಾಕಲೇಟ್ ಪ್ಯಾನ್ಸಿಯ ಹುಳ ತಿನ್ನುವ ಗಿಡಗಳಲ್ಲಿ ಕಾರ್ವಿಯೂ ಒಂದು. ಹಾಗಾಗಿ ಅವರ ಊಹೆ: ಊಟ ಹೋಯ್ತು, ಚಿಟ್ಟೆ ಹೋಯ್ತು. ಆದರೆ ಕಾರ್ವಿ ಸತ್ತಾಗ ಹೋಗಿದ್ದು ಊಟ ಒಂದೇ ಅಲ್ಲ, ನೆರಳೂ ಹೋಯ್ತು. ಪ್ಯಾನ್ಸಿಯೊಂದನ್ನೇ ನೋಡುತ್ತಾ ಕೂತರೆ ಇವೆರಡನ್ನು ಬಿಡಿಸೋಕೆ ಆಗೋದೇ ಇಲ್ಲ.

ಇಲ್ಲಿ ಇನ್ನೊಂದು ಚಿಟ್ಟೆ ಸಹಾಯಕ್ಕೆ ಬರುತ್ತೆ: ಕಾಮನ್ ಈವನಿಂಗ್ ಬ್ರೌನ್. ಇದು ನೆರಳಲ್ಲಿ ತರಗೆಲೆಯ ನಡುವೆ ಕೂರುವಂಥದ್ದು, ಆದರೆ ಇದರ ಹುಳ ತಿನ್ನೋದು ಹುಲ್ಲು. ಬೆಳಕು ಬಿದ್ದಲ್ಲಿ ಹುಲ್ಲು ಹೆಚ್ಚುತ್ತೆ. ಅಂದ್ರೆ ಈ ಚಿಟ್ಟೆಗೆ ಊಟ ಜಾಸ್ತಿಯಾಯ್ತು, ನೆರಳು ಕಡಿಮೆಯಾಯ್ತು. ಕಾಡಿನ ಕೆಳಹಂತದ ಚಿಟ್ಟೆಗಳನ್ನು ನಿರ್ಧರಿಸೋದು ಹುಳದ ಊಟವಾದ್ರೆ ಪ್ಯಾನ್ಸಿ ಇಳಿದು ಈವನಿಂಗ್ ಬ್ರೌನ್ ಏರಬೇಕು. ನೆರಳಾದ್ರೆ ಎರಡೂ ಇಳಿಯಬೇಕು. ಈಗ ನಮ್ಮ ಹತ್ತಿರ ಇರೋದು ಕಮ್ಯುನಿಟಿ ಇಕಾಲಜಿಯ ಪ್ರಶ್ನೆ. ಯಾವ ಉತ್ತರ ಬಂದ್ರೆ ಯಾವ ಊಹೆ ಬೀಳುತ್ತೆ ಅಂತ ಮುಂಚೆಯೇ ಗೊತ್ತಿದೆ.

ಇದರಲ್ಲಿ ತೂತುಗಳಿವೆ, ಅವನ್ನು ಮುಚ್ಚಿಡಬೇಡಿ. ಒಂದು, ಪೊದೆ ಹೋದ ಮೇಲೆ ಚಿಟ್ಟೆ ಸುಲಭವಾಗಿ ಕಾಣುತ್ತೆ, ಹಾಗಾಗಿ ಎಣಿಕೆ ಏರಿದ್ರೆ ಚಿಟ್ಟೆಯೇ ಹೆಚ್ಚಾಯ್ತು ಅನ್ನೋ ಹಾಗಿಲ್ಲ. (ಇಳಿದಿದ್ದರೆ ಮಾತು ಗಟ್ಟಿ, ಯಾಕಂದ್ರೆ ಕಾಣಲು ಸುಲಭವಾಗಿಯೂ ಕಡಿಮೆ ಕಂಡಿದೆ.) ಇನ್ನೊಂದು, ಮಳೆಗೆ ಕಾರ್ವಿಯ ಎಳೆ ಸಸಿಗಳು ಏಳುತ್ತವೆ, ಪ್ಯಾನ್ಸಿಯ ಹುಳಕ್ಕೆ ಬೇರೆ ಗಿಡಗಳೂ ಆಗುತ್ತವೆ. ಊಟ ನಿಜಕ್ಕೂ ಎಷ್ಟು ಹೋಯ್ತು ಅಂತ ತಿಳಿಯೋಕೆ ಎಲೆ ಮಗುಚಿ ಹುಳ ಎಣಿಸಬೇಕು. ಅವರು ಎಣಿಸಿದ್ದು ಹಾರುವ ಚಿಟ್ಟೆಯನ್ನು ಮಾತ್ರ. "ಹುಳಗಳ ಮಾಹಿತಿ ನನ್ನಲ್ಲಿಲ್ಲ, ಪಿಎಚ್‌ಡಿಯಲ್ಲಿ ಮೊದಲು ಅದನ್ನೇ ಮಾಡಬೇಕೆಂದಿದ್ದೇನೆ" ಅಂತ ಬರೆಯಿರಿ ಅಂದೆ. ಅವರಿಗೆ ಭಯ, ನಮ್ಮ ಕೊರತೆ ನಾವೇ ಹೇಳೋದಾ ಅಂತ. ಕೆಲಸದ ಇಂಟರ್‌ವ್ಯೂ ಅಭ್ಯಾಸ ಅದು. ಇಲ್ಲಿ ಹಳೆಯ ಕೆಲಸದಿಂದ ಹೊಸ ಪ್ರಶ್ನೆಗೆ ಹೋಗುವ ದಾರಿಯೇ ಆ ಕೊರತೆ.

ಎಲ್ಲಕ್ಕಿಂತ ದೊಡ್ಡ ತೊಂದರೆ ಕಾಲದ್ದು. ಇದೇ ಕಾಡಿನಲ್ಲಿ ಮುಂದಿನ ಹೂವು 2032ಕ್ಕೆ. ಪಿಎಚ್‌ಡಿ ಅಷ್ಟು ಕಾಯೋದಿಲ್ಲ. ಜೊತೆಗೆ ಒಂದು ಕಾಡು, ಒಂದು ಘಟನೆ: ಆ ವರ್ಷದ ಮಳೆಯಿಂದಲೇ ಚಿಟ್ಟೆ ಇಳಿದಿರಬಹುದಲ್ವಾ ಅಂತ ಯಾರಾದ್ರೂ ಕೇಳಿದ್ರೆ ಉತ್ತರ ಇಲ್ಲ. ಆದರೆ ಸಹ್ಯಾದ್ರಿಯ ಎಲ್ಲ ಗುಡ್ಡಗಳಲ್ಲೂ ಕಾರ್ವಿ ಒಂದೇ ವರ್ಷ ಹೂಬಿಡೋದಿಲ್ಲ. ಈಗಷ್ಟೇ ಸತ್ತ ಜಾಗ, ಅರ್ಧ ಬೆಳೆದ ಜಾಗ, ಹೂವಿಗೆ ಬಂದ ಜಾಗ, ಇವುಗಳನ್ನು ಒಂದೇ ಮಳೆಗಾಲದಲ್ಲಿ ಹೋಲಿಸಬಹುದು. ಎಸ್‌ಒಪಿಯ ಕೊನೆಯ ಮೂರನೇ ಒಂದು ಭಾಗ ಈ ಯೋಜನೆಗೆ ಹೋಗಬೇಕು, ಅರಣ್ಯ ಇಲಾಖೆಯ ಅನುಮತಿ ಬೇಕಾಗುತ್ತೆ ಅನ್ನೋ ಸಾಲಿನ ಸಮೇತ.

ಎಸ್‌ಒಪಿ ಇಂಗ್ಲಿಷ್‌ನಲ್ಲೇ ಹೋಗುತ್ತೆ. ಆದರೆ ಮೊದಲ ಪ್ಯಾರಾವನ್ನು ನಾವು ಕನ್ನಡದಲ್ಲಿ ಕೂತು ಕಟ್ಟಿದ್ವಿ, ಹೀಗೆ:

"2022ರಿಂದ ಮುಂಬೈನ ಕಾಡಂಚಿನ ಎರಡು ದಾರಿಗಳಲ್ಲಿ ಒಂದೇ ಪದ್ಧತಿಯಲ್ಲಿ ಚಿಟ್ಟೆಗಳನ್ನು ಎಣಿಸಿದ್ದೇನೆ. 2024ರಲ್ಲಿ ಕಾರ್ವಿ ಹೂಬಿಟ್ಟು ಒಣಗಿದ ಮೇಲೆ, ಒಳದಾರಿಯಲ್ಲಿ ಸಾಮಾನ್ಯವಾಗಿದ್ದ ಚಾಕಲೇಟ್ ಪ್ಯಾನ್ಸಿ ಅಪರೂಪವಾಯಿತು; ಅಂಚಿನ ದಾರಿಯಲ್ಲಿ ಹಾಗಾಗಲಿಲ್ಲ. ಇದಕ್ಕೆ ಕಾರಣ ಹುಳದ ಆಹಾರವೋ ನೆರಳೋ ಎಂದು ನನ್ನ ಮಾಹಿತಿ ಹೇಳಲಾರದು. ನಾನು ಕೇಳಬೇಕೆಂದಿರುವ ಪ್ರಶ್ನೆ ಅದು."

ಮಲೆನಾಡಿನ ಬಾಲ್ಯ ಹೋಯ್ತು. ಅವರಿಗೆ ಸ್ವಲ್ಪ ಬೇಜಾರಾಯ್ತು, ನನಗೂ. ಐಟಿ ಕೆಲಸಕ್ಕೆ ಒಂದೇ ಸಾಲು ಉಳಿಸಿದ್ವಿ: ಎಣಿಕೆಯ ಮಾಹಿತಿಯನ್ನೆಲ್ಲ ಆರ್‌ನಲ್ಲಿ ತಾವೇ ವಿಶ್ಲೇಷಿಸಿದ್ದಾರೆ ಅಂತ.

ಇನ್ನು ಲ್ಯಾಬ್ ಆಯ್ಕೆ. ಚಿಟ್ಟೆ ಅಂದ ತಕ್ಷಣ ಅವರು ಬರೆದಿದ್ದು ಬೆಂಗಳೂರಿನ ಎನ್‌ಸಿಬಿಎಸ್‌ನ ಕೃಷ್ಣಮೇಘ ಕುಂಟೆ ಅವರ ಹೆಸರು. ಬಟರ್‌ಫ್ಲೈಸ್ ಆಫ್ ಇಂಡಿಯಾ ಜಾಲತಾಣದ ಹಿಂದಿರುವವರು ಅವರೇ. ಯಾವ ಹುಳ ಯಾವ ಗಿಡ ತಿನ್ನುತ್ತೆ ಅಂತ ನೋಡೋಕೆ ನಾವೂ ಆ ತಾಣಕ್ಕೇ ಹೋಗಿದ್ವಿ. ಆದರೆ ಆ ಲ್ಯಾಬ್‌ನ ಮುಖ್ಯ ಕೆಲಸ ಚಿಟ್ಟೆಗಳ ವಿಕಾಸ, ಒಂದು ಚಿಟ್ಟೆ ಇನ್ನೊಂದರ ವೇಷ ಹಾಕೋದರ ಹಿಂದಿನ ಜೀನ್‌ಗಳು. ಇವರ ಪ್ರಶ್ನೆ ಕಾಡಿನ ಕೆಳಹಂತದ ಗಿಡ, ಬೆಳಕು, ಜಾತಿಗಳ ಕೂಟದ್ದು. ಚಿಟ್ಟೆ ಒಂದೇ ಆದ್ರೂ ಪ್ರಶ್ನೆ ಬೇರೆ. ಹಾಗಾಗಿ ಐಐಎಸ್‌ಸಿಯ ಸಿಇಎಸ್, ಏಟ್ರೀ ಇಂಥ ಕಡೆ ಗಿಡಗಳ ಮೇಲೆ ಕೆಲಸ ಮಾಡುವವರ ಇತ್ತೀಚಿನ ಪೇಪರ್‌ಗಳನ್ನು ಓದಿ ಅಂತ ಹೇಳಿದ್ದೀನಿ. ಚಿಟ್ಟೆಯ ಹೆಸರೇ ಇಲ್ಲದ ಪೇಪರ್ ಆದ್ರೂ ಪರವಾಗಿಲ್ಲ.

ಕಳೆದ ಭಾನುವಾರ ಫೋನ್ ಮಾಡಿದ್ರು. ಹಳೆ ನೋಟ್‌ಬುಕ್‌ಗಳಲ್ಲಿ ಈವನಿಂಗ್ ಬ್ರೌನ್ ಎಣಿಕೆ ಹುಡುಕುತ್ತಾ ಕೂತಿದ್ದಾರಂತೆ. ಮಂಕು ಬಣ್ಣದ ಚಿಟ್ಟೆ ಅಂತ ಮೊದಲ ವರ್ಷ ಸರಿಯಾಗಿ ಬರೆದೇ ಇಲ್ಲವಂತೆ.